ಒಟಿಪಿ ಬರುತ್ತದೆ, ಮೆಸೇಜ್ ಹೋಗುವುದಿಲ್ಲ

ಎರಡು ಸಿಮ್ ಇರುವ ಫೋನಿನಲ್ಲಿ ಯುಪಿಐ ನೋಂದಣಿ ಎಲ್ಲಿ ಸಿಕ್ಕಿಕೊಳ್ಳುತ್ತದೆ, ಸರಿಯಾದ ಸಿಮ್ ಆರಿಸುವುದು ಹೇಗೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಫೋನುಗಳಲ್ಲಿ ಎರಡು ಸಿಮ್ ಇರುವುದು ಷೋಕಿಗಲ್ಲ. ಪೇಟೆಯಲ್ಲಿ ಚೆನ್ನಾಗಿ ಓಡುವ ಸಿಮ್ ನಗರದ ಆಚೆ ಘಾಟಿಯ ಕಡೆಗೋ, ಆಗುಂಬೆ ರಸ್ತೆಗೋ, ತುಮರಿಯ ಹಿನ್ನೀರಿನ ಊರುಗಳಿಗೋ ಹೋದರೆ ಬಹಳ ಕಡೆ ಸುಮ್ಮನಾಗುತ್ತದೆ. ಅಲ್ಲಿ ಹಳೆಯ ಬಿಎಸ್ಸೆನ್ನೆಲ್ ಸಿಮ್‌ಗೆ ಒಂದೋ ಎರಡೋ ಗೀಟು ಸಿಗ್ನಲ್ ಸಿಕ್ಕರೆ ಪುಣ್ಯ. ಹೀಗಾಗಿ ಬಹಳ ಮನೆಗಳಲ್ಲಿ ಬ್ಯಾಂಕಿಗೆ ಎಂದೋ ಕೊಟ್ಟ ಹಳೆಯ ನಂಬರ್ ಒಂದು ಸಿಮ್‌ನಲ್ಲಿದ್ದರೆ, ದಿನಾ ಇಂಟರ್ನೆಟ್ ನೋಡುವ ನಂಬರ್ ಇನ್ನೊಂದರಲ್ಲಿರುತ್ತದೆ. ಹೊಸ ಫೋನ್ ತಂದು ಫೋನ್‌ಪೇ, ಗೂಗಲ್ ಪೇ, ಭೀಮ್ ಇಂಥ ಯಾವುದಾದರೂ ಆ್ಯಪ್ ಹಾಕಿಕೊಳ್ಳುವ ದಿನ ಈ ಏರ್ಪಾಟು ಕೈಕೊಡುತ್ತದೆ. ‘ವೆರಿಫಿಕೇಶನ್ ಮೆಸೇಜ್ ಕಳುಹಿಸಲು ಆಗಲಿಲ್ಲ’ ಎಂಬ ಸಾಲು ಬರುತ್ತದೆ. ಎಷ್ಟು ಸಲ ಒತ್ತಿದರೂ ಅದೇ.

ಇಂಟರ್ನೆಟ್ ಇದೆ, ಕರೆ ಬರುತ್ತಿದೆ, ಬ್ಯಾಂಕಿನ ಮೆಸೇಜೂ ಬರುತ್ತಿದೆ, ಮತ್ತೆ ಇದೊಂದೇ ಯಾಕೆ ಆಗುವುದಿಲ್ಲ? ಇದಕ್ಕೆ ಉತ್ತರ ಬೇಕಿದ್ದರೆ ಆ ಹೊತ್ತಿನಲ್ಲಿ ಫೋನಿನೊಳಗೆ ಏನು ನಡೆಯುತ್ತದೆ ಎಂಬುದನ್ನು ನೋಡಬೇಕು.

ಮೆಸೇಜ್ ಕಳಿಸುವುದು ನಾವು, ಬ್ಯಾಂಕ್ ಅಲ್ಲ

ಒಟಿಪಿಯಲ್ಲಿ ಬ್ಯಾಂಕ್ ನಮಗೆ ಮೆಸೇಜ್ ಕಳಿಸುತ್ತದೆ. ಯುಪಿಐ ನೋಂದಣಿಯ ಮೊದಲ ಹೆಜ್ಜೆಯಲ್ಲಿ ನಡೆಯುವುದು ಇದರ ತಿರುವು ಮುರುವು. ನಮ್ಮ ಫೋನೇ ಒಂದು ಎಸ್ಸೆಮ್ಮೆಸ್ ಕಳಿಸುತ್ತದೆ. ಅದರಲ್ಲಿ ಓದಿದರೆ ಅರ್ಥವಾಗದ ಅಕ್ಷರ, ಅಂಕಿಗಳ ಉದ್ದನೆಯ ಸಾಲು ಇರುತ್ತದೆ. ಆ ಸಾಲು ಆ ಫೋನಿಗೆ, ಆ ಕ್ಷಣಕ್ಕೆ ಮಾತ್ರ ಸೇರಿದ ಗುರುತು. ಸರ್ವರ್ ಅದನ್ನು ಪಡೆದು ಎರಡು ವಿಷಯ ನೋಡುತ್ತದೆ: ಗುರುತು ಯಾವ ಫೋನಿನದ್ದು, ಮೆಸೇಜ್ ಯಾವ ನಂಬರಿನಿಂದ ಬಂತು. ನಂಬರನ್ನು ನಾವು ಟೈಪ್ ಮಾಡಿ ಹೇಳಬೇಕಾಗಿಲ್ಲ, ಮೊಬೈಲ್ ಕಂಪನಿಯ ಜಾಲವೇ ಹೇಳುತ್ತದೆ. ಹೀಗೆ ಫೋನನ್ನೂ ನಂಬರನ್ನೂ ಒಂದಕ್ಕೊಂದು ಕಟ್ಟಿದ ಮೇಲೆ, ಆ ನಂಬರಿಗೆ ಜೋಡಣೆಯಾಗಿರುವ ಖಾತೆಗಳನ್ನು ಬ್ಯಾಂಕಿನಿಂದ ಹುಡುಕುವ ಕೆಲಸ ಶುರುವಾಗುತ್ತದೆ. ಡೆಬಿಟ್ ಕಾರ್ಡು, ಪಿನ್ ಇವೆಲ್ಲ ಅದರ ನಂತರದ ಮಾತು.

ಒಟಿಪಿಯನ್ನು ಬಿಟ್ಟು ಈ ದಾರಿ ಹಿಡಿದಿರುವುದಕ್ಕೆ ಕಾರಣವಿದೆ. ಒಟಿಪಿಯನ್ನು ಫೋನಿನಲ್ಲಿ ಕೇಳಿ ತಿಳಿದುಕೊಳ್ಳಬಹುದು. ದೂರದಲ್ಲಿ ಕೂತ ಮೋಸಗಾರ ಅದನ್ನು ತನ್ನ ಫೋನಿನಲ್ಲಿ ಹಾಕಿಕೊಳ್ಳಬಹುದು. ಹೊರಹೋಗುವ ಮೆಸೇಜ್ ಆದರೆ ಸಿಮ್ ಈ ಫೋನಿನ ಒಳಗೇ ಇದೆ ಎಂಬುದಕ್ಕೆ ಸಾಕ್ಷಿ.

ಇಲ್ಲಿಂದಲೇ ಎರಡು ಸಂಗತಿ ಸ್ಪಷ್ಟವಾಗುತ್ತವೆ. ಒಂದು, ಒಟಿಪಿ ಬರುತ್ತಿದೆ ಎಂದ ಮಾತ್ರಕ್ಕೆ ಸಿಮ್ ಸರಿ ಇದೆ ಎನ್ನಲಾಗದು. ಒಳಬರುವ ಮೆಸೇಜಿಗೆ ನಮ್ಮ ಕಡೆಯಿಂದ ಕಾಸು ಬೇಡ, ಹೊರಹೋಗುವುದಕ್ಕೆ ಬೇಕು. ರೀಚಾರ್ಜ್ ಮುಗಿದ ಸಿಮ್‌ಗೆ ಸ್ವಲ್ಪ ದಿನ ಕರೆ, ಮೆಸೇಜು ಬರುತ್ತಲೇ ಇರುತ್ತವೆ, ಆದರೆ ಅದರಿಂದ ಹೊರಗೆ ಒಂದು ಅಕ್ಷರವೂ ಹೋಗದು. ಎರಡು, ಮನೆಯಲ್ಲಿ ಫೈಬರ್ ವೈಫೈ ಎಷ್ಟೇ ಜೋರಾಗಿ ಓಡುತ್ತಿರಲಿ, ಈ ಮೆಸೇಜ್ ಆ ದಾರಿಯಲ್ಲಿ ಹೋಗುತ್ತದೆ ಎಂದು ನಂಬಿಕೊಳ್ಳುವಂತಿಲ್ಲ. ಕೆಲವು ಕಂಪನಿಗಳ ಸಿಮ್‌ನಲ್ಲಿ ವೈಫೈ ಕಾಲಿಂಗ್ ಚಾಲೂ ಇದ್ದಾಗ ಹೋಗಬಹುದು. ಉಳಿದಂತೆ ಆ ಸಿಮ್‌ಗೆ ತನ್ನದೇ ಟವರಿನ ಸಿಗ್ನಲ್ ಇರಬೇಕು. ಮಲೆನಾಡಿನ ಮನೆಗಳಲ್ಲಿ ಇದು ಪದೇ ಪದೇ ಕಾಣುವ ಸ್ಥಿತಿ. ಕಣಿವೆಯ ಮನೆಗೆ ಫೈಬರ್ ತಂತಿ ಬಂದಿದೆ, ಯೂಟ್ಯೂಬು ನಿಲ್ಲದೆ ಓಡುತ್ತದೆ, ಟವರ್ ಮಾತ್ರ ಗುಡ್ಡದ ಆಚೆ. ಮಳೆಗಾಲದಲ್ಲಿ ಕರೆಂಟು ಹೋಗಿ ಟವರಿನ ಬ್ಯಾಟರಿಯೂ ಇಳಿದರೆ ಆ ಒಂದು ಗೀಟೂ ಇಲ್ಲ. ಆ್ಯಪ್ ತೆರೆಯುತ್ತದೆ, ಮೆಸೇಜ್ ಹೋಗುವುದಿಲ್ಲ.

ಸಿಮ್ ಆರಿಸುವುದು ಯಾರು?

ಆಂಡ್ರಾಯ್ಡ್ ಫೋನಿನಲ್ಲಿ ಪ್ರತಿ ಸಿಮ್‌ಗೂ ಒಂದೊಂದು ಒಳಗುರುತು ಇರುತ್ತದೆ. ಫೋನ್ ಮತ್ತು ಎಸ್ಸೆಮ್ಮೆಸ್ ಅನುಮತಿ ಕೊಟ್ಟಾಗ ಆ್ಯಪ್ ಆ ಪಟ್ಟಿಯನ್ನು ಓದಿ, ‘ಸಿಮ್ 1’, ‘ಸಿಮ್ 2’ ಎಂದು ಕಂಪನಿಯ ಹೆಸರಿನೊಂದಿಗೆ ತೋರಿಸಿ, ಯಾವುದು ಎಂದು ಕೇಳುತ್ತದೆ. ನಾವು ಮುಟ್ಟಿದ ಸಿಮ್‌ನಿಂದಲೇ ಕಳಿಸುವಂತೆ ಫೋನಿಗೆ ಹೇಳುತ್ತದೆ. ಆ್ಯಪ್ ನಂಬರನ್ನೇ ತೋರಿಸಿದರೆ ಒಳ್ಳೆಯದು, ಆದರೆ ಬಹಳ ಸಲ ಆ ಜಾಗ ಖಾಲಿ ಇರುತ್ತದೆ. ಏಕೆಂದರೆ ಸ್ವಂತ ನಂಬರ್ ಎಲ್ಲ ಸಿಮ್‌ನಲ್ಲೂ ಬರೆದಿರುವುದಿಲ್ಲ. ಎರಡೂ ಸಿಮ್ ಒಂದೇ ಕಂಪನಿಯದ್ದಾದರಂತೂ ಹೆಸರು ನೋಡಿ ತಿಳಿಯುವಂತೆಯೇ ಇಲ್ಲ.

ಎಲ್ಲ ಆ್ಯಪ್‌ಗಳೂ ಹೀಗೆ ಕೇಳುವುದಿಲ್ಲ. ಕೇಳದ ಆ್ಯಪ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಎಸ್ಸೆಮ್ಮೆಸ್‌ಗೆಂದು ಯಾವ ಸಿಮ್ ನಿಗದಿಯಾಗಿದೆಯೋ ಅದರಿಂದಲೇ ಕಳಿಸುತ್ತದೆ. ಅಲ್ಲಿ ‘ಪ್ರತಿ ಸಲ ಕೇಳು’ ಎಂದಿದ್ದರೆ, ಹಿನ್ನೆಲೆಯಲ್ಲಿ ಸದ್ದಿಲ್ಲದೆ ಹೋಗಬೇಕಾದ ಮೆಸೇಜಿಗೆ ಕೇಳಲು ಜಾಗವೇ ಸಿಗದೆ ಕೆಲಸ ನಿಂತುಹೋಗುವ ಸಾಧ್ಯತೆ ಇದೆ. ಹಾಗಾಗಿ ನೋಂದಣಿಯ ಹೊತ್ತಿಗೆ ಅಲ್ಲಿ ಬ್ಯಾಂಕ್ ನಂಬರಿನ ಸಿಮ್‌ ಅನ್ನೇ ನಿಗದಿ ಮಾಡಿಟ್ಟುಕೊಳ್ಳುವುದು ಕ್ಷೇಮ.

ಐಫೋನಿನ ಲೆಕ್ಕ ಬೇರೆ. ಅದು ಯಾವ ಆ್ಯಪ್‌ಗೂ ತಾನೇ ಎಸ್ಸೆಮ್ಮೆಸ್ ಕಳಿಸಲು ಬಿಡುವುದಿಲ್ಲ. ಮೆಸೇಜ್ ಪರದೆ ತೆರೆದು, ಆ ಅರ್ಥವಿಲ್ಲದ ಸಾಲನ್ನು ತುಂಬಿ ನಮ್ಮ ಮುಂದಿಡುತ್ತದೆ, ಕಳಿಸುವ ಬಾಣ ಒತ್ತಬೇಕಾದವರು ನಾವು. ಒತ್ತುವ ಮೊದಲು ಯಾವ ಲೈನಿನಿಂದ ಹೋಗುತ್ತಿದೆ ಎಂಬುದನ್ನು ಮೇಲೆ ನೋಡಿಕೊಳ್ಳಬೇಕು. ತುಂಬಿದ ಸಾಲಿನಲ್ಲಿ ಒಂದು ಚುಕ್ಕಿಯನ್ನೂ ಅಳಿಸಬಾರದು, ಸೇರಿಸಬಾರದು.

ಒಂದು ಮನೆಯ ಲೆಕ್ಕ

ನಗರದ ಆಚೆ, ಸಂಪೆಕಟ್ಟೆ ದಾರಿಯ ಒಂದು ಮನೆ ಎಂದುಕೊಳ್ಳೋಣ. ಅಡಿಕೆ ತೋಟದ ಯಜಮಾನರು ಹೊಸ ಫೋನ್ ತಂದಿದ್ದಾರೆ. ಸಿಮ್ 1 ಖಾಸಗಿ ಕಂಪನಿಯದ್ದು, ಇಂಟರ್ನೆಟ್ಟಿಗೆ. ಸಿಮ್ 2 ಬಿಎಸ್ಸೆನ್ನೆಲ್ಲಿನದ್ದು, ಬ್ಯಾಂಕಿನಲ್ಲಿ ಇರುವುದು ಈ ನಂಬರ್. ಮನೆಯಲ್ಲಿ ಫೈಬರ್ ವೈಫೈ ಇದೆ. ಬೆಂಗಳೂರಿನಲ್ಲಿರುವ ಮಗ ಫೋನ್ ಮಾಡಿ ಒಂದೊಂದಾಗಿ ಹೇಳುತ್ತಿದ್ದಾನೆ.

ಮೊದಲ ಸಲ ಯಜಮಾನರು ಆ್ಯಪ್ ತೋರಿಸಿದ ಮೊದಲನೆಯದನ್ನೇ, ಸಿಮ್ 1 ಅನ್ನು ಒತ್ತಿದರು. ಮೆಸೇಜ್ ಹೋಯಿತು. ಆದರೆ ಬ್ಯಾಂಕ್ ಆರಿಸಿದ ಮೇಲೆ ‘ಈ ನಂಬರಿಗೆ ಜೋಡಣೆಯಾದ ಖಾತೆ ಸಿಗಲಿಲ್ಲ’ ಎಂದು ಬಂತು. ಇದು ಮೆಸೇಜ್ ಹೋಗಲಿಲ್ಲ ಎನ್ನುವ ದೋಷ ಅಲ್ಲ. ಮೆಸೇಜ್ ಹೋಗಿದೆ, ಬೇರೆ ಲೈನಿನಿಂದ ಹೋಗಿದೆ.

ಎರಡನೆಯ ಸಲ ಸಿಮ್ 2 ಆರಿಸಿದರು. ಈಗ ‘ಮೆಸೇಜ್ ಕಳುಹಿಸಲು ಆಗಲಿಲ್ಲ’. ಕಾರಣ ಕಿವಿಯ ಹತ್ತಿರವೇ ಇತ್ತು. ಮಗನ ಕರೆ ಬಂದಿರುವುದು ಸಿಮ್ 1ಕ್ಕೆ. ಎರಡು ಸಿಮ್ ಇರುವ ಹೆಚ್ಚಿನ ಫೋನುಗಳಲ್ಲಿ ಎರಡಕ್ಕೂ ಒಂದೇ ರೇಡಿಯೋ. ಕರೆ ಇಲ್ಲದಾಗ ಅದು ಎರಡನ್ನೂ ಸರದಿಯಲ್ಲಿ ನೋಡಿಕೊಳ್ಳುತ್ತದೆ, ಒಂದರಲ್ಲಿ ಮಾತು ಶುರುವಾದರೆ ಅದು ಮುಗಿಯುವವರೆಗೆ ಇನ್ನೊಂದು ಜಾಲದಿಂದ ಹೊರಗೆ. ಆ ಹೊತ್ತಿಗೆ ಸಿಮ್ 2ರ ಮೆಸೇಜಿಗೆ ದಾರಿಯೇ ಇಲ್ಲ. ಮಗ ಹೇಳಿದ: ‘ಅಪ್ಪಯ್ಯ, ನೀವು ಈಗ ಫೋನ್ ಇಡಿ. ಎರಡು ನಿಮಿಷ ಬಿಟ್ಟು ನೀವೇ ಮಾಡಿ ನೋಡಿ, ಆಮೇಲೆ ವಾಟ್ಸಾಪ್‌ನಲ್ಲಿ ಕರೆ ಮಾಡಿ.’ ವೈಫೈ ಮೂಲಕ ವಾಟ್ಸಾಪ್ ಕರೆ ಮಾಡಿದರೆ ಆ ರೇಡಿಯೋ ಬಿಡುವಾಗಿರುತ್ತದೆ. ಪಕ್ಕದವರ ಫೋನಿನಿಂದ ಮಾತಾಡಿದರೂ ಆಗುತ್ತದೆ.

ಮೂರನೆಯ ಸಲವೂ ಅದೇ ಸಾಲು. ಈಗ ಬೇರೆ ಪರೀಕ್ಷೆ ಮಾಡಬೇಕು. ಸಿಮ್ 2ರಿಂದ ಪರಿಚಿತರ ನಂಬರಿಗೆ ‘ನಮಸ್ಕಾರ’ ಎಂದು ಒಂದು ಸಾದಾ ಎಸ್ಸೆಮ್ಮೆಸ್ ಕಳಿಸಲು ನೋಡಿದರು. ಅದೂ ಹೋಗಲಿಲ್ಲ, ಬದಿಯಲ್ಲಿ ಕೆಂಪು ಗುರುತು ಬಿತ್ತು. ಹಾಗಾದರೆ ತಪ್ಪು ಆ್ಯಪ್‌ನದ್ದಲ್ಲ. ನೋಡಿದರೆ ಬಿಎಸ್ಸೆನ್ನೆಲ್ ರೀಚಾರ್ಜ್ ಮುಗಿದು ವಾರಗಳಾಗಿವೆ. ಒಟಿಪಿ ಮಾತ್ರ ಬರುತ್ತಿದ್ದುದರಿಂದ ಯಾರೂ ಗಮನಿಸಿರಲಿಲ್ಲ. ಮಗ ಬೆಂಗಳೂರಿನಿಂದಲೇ ಎಸ್ಸೆಮ್ಮೆಸ್ ಸೌಲಭ್ಯವೂ ಇರುವ ಒಂದು ಪ್ಯಾಕ್ ಹಾಕಿದ.

ನಾಲ್ಕನೆಯ ಸಲ ಯಜಮಾನರು ಅಂಗಳದ ತುದಿಗೆ, ಬಿಎಸ್ಸೆನ್ನೆಲ್ ಗೀಟು ಕಾಣುವ ಜಾಗಕ್ಕೆ ಹೋಗಿ, ಫೋನ್ ಅನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ತೆಗೆದು, ಸಿಗ್ನಲ್ ಕೂತಮೇಲೆ ‘ನಮಸ್ಕಾರ’ ಕಳಿಸಿದರು. ಹೋಯಿತು. ಪರಿಚಿತರಿಗೆ ಬಂದ ಮೆಸೇಜಿನ ಮೇಲೆ ಬ್ಯಾಂಕಿನ ನಂಬರೇ ಇದೆ ಎಂದು ಖಾತರಿಯಾಯಿತು. ಆಮೇಲೆ ಆ್ಯಪ್ ತೆರೆದು ಸಿಮ್ 2 ಒತ್ತಿದರು. ಖಾತೆ ಬಂತು.

ಒಂದೇ ಸಾಲಿನ ದೋಷದ ಹಿಂದೆ ಇಲ್ಲಿ ಮೂರು ಬೇರೆ ಬೇರೆ ಸಂಗತಿಗಳಿದ್ದವು: ಇನ್ನೊಂದು ಸಿಮ್‌ನ ಕರೆ, ಮುಗಿದ ರೀಚಾರ್ಜ್, ಸಾಲದ ಸಿಗ್ನಲ್. ಮೊದಲನೆಯದನ್ನು ಸರಿಮಾಡಿದ ತಕ್ಷಣ ಎಲ್ಲ ಸರಿಯಾಗಲಿಲ್ಲ ಎಂದು ಪ್ರಯತ್ನ ಬಿಡಬಾರದು.

ಪರದೆ ಹೇಳುವುದನ್ನು ಓದಿಕೊಳ್ಳುವುದು

ಸಾಲಿನ ಮಾತು ಆ್ಯಪ್‌ನಿಂದ ಆ್ಯಪ್‌ಗೆ ಬದಲಾಗುತ್ತದೆ, ಅರ್ಥ ಮಾತ್ರ ಮೂರೇ ಬಗೆ.

‘ಮೆಸೇಜ್ ಕಳುಹಿಸಲು ಆಗಲಿಲ್ಲ’ ಎಂಬಂಥ ಸಾಲು ಬಂದರೆ ಅದು ಫೋನಿನಿಂದಲೇ ಹೊರಟಿಲ್ಲ. ನೋಡಬೇಕಾದದ್ದು ಸಿಗ್ನಲ್, ರೀಚಾರ್ಜ್, ಇನ್ನೊಂದು ಸಿಮ್‌ನ ಕರೆ ಮತ್ತು ಆ್ಯಪ್‌ಗೆ ಎಸ್ಸೆಮ್ಮೆಸ್ ಅನುಮತಿ. ಅನುಮತಿ ಕೇಳಿದಾಗ ಒಂದೆರಡು ಸಲ ‘ಬೇಡ’ ಎಂದಿದ್ದರೆ ಫೋನ್ ಮತ್ತೆ ಕೇಳುವುದೇ ಇಲ್ಲ. ಆಗ ಸೆಟ್ಟಿಂಗ್ಸ್‌ಗೆ ಹೋಗಿ, ಆ್ಯಪ್‌ಗಳ ಪಟ್ಟಿಯಲ್ಲಿ ಅದನ್ನು ತೆರೆದು, ಅನುಮತಿಗಳಲ್ಲಿ ಎಸ್ಸೆಮ್ಮೆಸ್ ಮತ್ತು ಫೋನ್ ಎರಡನ್ನೂ ಕೊಡಬೇಕು. ಕೆಲವು ಫೋನುಗಳು ಮೆಸೇಜ್ ಹೋಗುವ ಕ್ಷಣದಲ್ಲಿ ‘ಈ ಆ್ಯಪ್ ಎಸ್ಸೆಮ್ಮೆಸ್ ಕಳಿಸುತ್ತಿದೆ, ಹಣ ಕಡಿತವಾಗಬಹುದು’ ಎಂದು ಕೇಳುತ್ತವೆ. ಅಲ್ಲಿ ತಡಮಾಡಿದರೆ ಬೇಡ ಎಂದೇ ತೆಗೆದುಕೊಂಡುಬಿಡುತ್ತವೆ.

ಎರಡನೆಯದು, ಪರದೆಯ ಮೇಲೆ ಚಕ್ರ ತಿರುಗಿ ತಿರುಗಿ ಕೊನೆಗೆ ‘ವೆರಿಫಿಕೇಶನ್ ವಿಫಲ’ ಎನ್ನುವುದು. ಮೆಸೇಜ್ ಫೋನಿನಿಂದ ಹೊರಟಿದೆ, ಸರ್ವರಿಗೆ ಹೊತ್ತಿಗೆ ಸರಿಯಾಗಿ ತಲುಪಿಲ್ಲ. ಸಿಗ್ನಲ್ ಬಂದು ಹೋಗುವ ಜಾಗದಲ್ಲಿ ಹೀಗಾಗುವುದು ಹೆಚ್ಚು. ಸ್ವಲ್ಪ ಹೊತ್ತು ಬಿಟ್ಟು, ಒಳ್ಳೆಯ ಜಾಗದಲ್ಲಿ ನಿಂತು ಮತ್ತೆ ಮಾಡಬೇಕು. ಬಿಡದೆ ಒತ್ತುತ್ತಾ ಹೋದರೆ ಪ್ರತಿ ಸಲವೂ ಒಂದು ಎಸ್ಸೆಮ್ಮೆಸ್ ಖರ್ಚಾಗುತ್ತದೆ, ಕೆಲವು ಆ್ಯಪ್‌ಗಳು ಹಲವು ಸಲ ವಿಫಲವಾದ ಮೇಲೆ ಅಂದಿನ ಮಟ್ಟಿಗೆ ಬಾಗಿಲು ಹಾಕಿಕೊಳ್ಳುತ್ತವೆ.

ಮೂರನೆಯದು ‘ಖಾತೆ ಸಿಗಲಿಲ್ಲ’. ಇದಕ್ಕೆ ರೀಚಾರ್ಜ್ ಮಾಡಿ ಪ್ರಯೋಜನವಿಲ್ಲ. ಒಂದೋ ತಪ್ಪು ಸಿಮ್ ಆರಿಸಲಾಗಿದೆ, ಇಲ್ಲವೇ ಬ್ಯಾಂಕಿನಲ್ಲಿ ಇರುವ ನಂಬರ್ ಈ ಫೋನಿನಲ್ಲಿ ಇಲ್ಲವೇ ಇಲ್ಲ.

ತಪ್ಪದೆ ಆರಿಸುವ ಕ್ರಮ

ಮೊದಲು ಬ್ಯಾಂಕಿನಲ್ಲಿ ಯಾವ ನಂಬರ್ ಇದೆ ಎಂದು ತಿಳಿಯಬೇಕು. ಹಣ ಹಾಕಿದಾಗ, ತೆಗೆದಾಗ ಬ್ಯಾಂಕಿನ ಮೆಸೇಜ್ ಯಾವ ಸಿಮ್‌ಗೆ ಬರುತ್ತದೆ ಎಂದು ನೋಡಿದರೆ ಸಾಕು. ಎರಡು ಸಿಮ್ ಇರುವ ಹೆಚ್ಚಿನ ಫೋನುಗಳಲ್ಲಿ ಮೆಸೇಜಿನ ಪಕ್ಕ 1 ಅಥವಾ 2 ಎಂಬ ಗುರುತು ಕಾಣುತ್ತದೆ.

ಎರಡನೆಯದಾಗಿ ಆ ನಂಬರ್ ಯಾವ ಖಾನೆಯಲ್ಲಿದೆ ಎಂದು ಖಚಿತ ಮಾಡಿಕೊಳ್ಳಬೇಕು. ಸಿಮ್ 1ರಿಂದ ಮನೆಯವರಿಗೆ ಒಂದು ಮಿಸ್ಡ್ ಕಾಲ್ ಕೊಟ್ಟು, ಅವರ ಫೋನಿನಲ್ಲಿ ಯಾವ ನಂಬರ್ ಬಂತು ಎಂದು ನೋಡಿ. ನಂತರ ಸೆಟ್ಟಿಂಗ್ಸ್‌ನಲ್ಲಿ ಸಿಮ್‌ನ ಹೆಸರನ್ನು ‘ಬ್ಯಾಂಕ್’, ‘ನೆಟ್’ ಎಂದು ಬದಲಿಸಿಟ್ಟರೆ ಮುಂದೆ ಗೊಂದಲವಿಲ್ಲ.

ಮೂರನೆಯದಾಗಿ ಬ್ಯಾಂಕ್ ಸಿಮ್‌ನಿಂದ ಒಂದು ಸಾದಾ ಎಸ್ಸೆಮ್ಮೆಸ್ ಕಳಿಸಿ ತಲುಪಿತೇ ಎಂದು ಕೇಳಬೇಕು. ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬರುವ ಪರೀಕ್ಷೆ ಇದೇ. ಇದು ತಲುಪದಿದ್ದರೆ ಆ್ಯಪ್ ಅಳಿಸಿ ಮತ್ತೆ ಹಾಕಿದರೂ ಏನೂ ಆಗುವುದಿಲ್ಲ. ವಾಟ್ಸಾಪ್ ಮೆಸೇಜ್ ಲೆಕ್ಕಕ್ಕಿಲ್ಲ, ಅದು ಇಂಟರ್ನೆಟ್ಟಿನದ್ದು. ಗೂಗಲ್ ಮೆಸೇಜಸ್‌ನಲ್ಲಿ ಚಾಟ್ ಸೌಲಭ್ಯ ಚಾಲೂ ಇದ್ದರೆ ಅದರ ಮೆಸೇಜೂ ಇಂಟರ್ನೆಟ್ ಮೇಲೆ ಹೋಗಬಹುದು. ಹಾಗಾಗಿ ಸಾದಾ ಕೀಪ್ಯಾಡ್ ಫೋನ್ ಇರುವವರಿಗೆ ಕಳಿಸಿದರೆ ಉತ್ತರ ಸ್ಪಷ್ಟ.

ಇಷ್ಟಾದ ಮೇಲೂ ಆ್ಯಪ್ ಹಟ ಹಿಡಿದರೆ ಒಂದು ಖಚಿತ ಉಪಾಯವಿದೆ. ಸೆಟ್ಟಿಂಗ್ಸ್‌ನಲ್ಲಿ ಇನ್ನೊಂದು ಸಿಮ್ ಅನ್ನು ತಾತ್ಕಾಲಿಕವಾಗಿ ಆಫ್ ಮಾಡಿ. ಫೋನಿನಲ್ಲಿ ಒಂದೇ ಲೈನ್ ಉಳಿದರೆ ಆರಿಸುವ ಪ್ರಶ್ನೆಯೇ ಇಲ್ಲ. ಇಂಟರ್ನೆಟ್ ಆಫ್ ಮಾಡಿದ ಸಿಮ್‌ನದ್ದಾಗಿದ್ದರೆ ವೈಫೈಯನ್ನೋ ಬೇರೆ ಫೋನಿನ ಹಾಟ್‌ಸ್ಪಾಟನ್ನೋ ಬಳಸಬಹುದು. ಸಿಗ್ನಲ್ ಸಮಸ್ಯೆ ಇರುವ ಮನೆಯಾದರೆ ಪೇಟೆಗೆ ಹೋದ ದಿನ ಬಸ್‌ಸ್ಟ್ಯಾಂಡ್ ಹತ್ತಿರ ಮಾಡಿಮುಗಿಸುವುದು ಸುಲಭ. ಒಮ್ಮೆ ಜೋಡಣೆಯಾದ ಮೇಲೆ ಮನೆಗೆ ಬಂದು ವೈಫೈನಲ್ಲಿ ಹಣ ಕಳಿಸಬಹುದು, ಪ್ರತಿ ಸಲ ಎಸ್ಸೆಮ್ಮೆಸ್ ಹೋಗಬೇಕಾಗಿಲ್ಲ. ಆದರೆ ಸಿಮ್ ತೆಗೆದರೆ, ಖಾನೆ ಬದಲಿಸಿದರೆ, ಆ್ಯಪ್ ಅಳಿಸಿ ಹಾಕಿದರೆ ಮತ್ತೊಮ್ಮೆ ಇದೇ ಕೆಲಸ ಮಾಡಬೇಕಾಗಬಹುದು.

ಸಿಮ್ ಬದಲಿಸಿದ ದಿನ

ಹಳೆಯ ಬಿಎಸ್ಸೆನ್ನೆಲ್ ಸಿಮ್ ಕೊಟ್ಟು 4ಜಿ ಸಿಮ್ ತಂದವರು ಅದೇ ದಿನ ಆ್ಯಪ್ ನೋಂದಣಿಗೆ ಕೂತರೆ ಸುಮ್ಮನೆ ಬೇಜಾರು. ಯಾವ ಕಂಪನಿಯದ್ದೇ ಆಗಲಿ, ಅದೇ ನಂಬರಿಗೆ ಹೊಸ ಸಿಮ್ ಕೊಟ್ಟಾಗ ದೂರಸಂಪರ್ಕ ಇಲಾಖೆಯ ಸೂಚನೆಯಂತೆ 24 ಗಂಟೆ ಎಸ್ಸೆಮ್ಮೆಸ್ ಸೌಲಭ್ಯವನ್ನು ತಡೆದಿರುತ್ತಾರೆ. ಯಾರೋ ನಮ್ಮ ಹೆಸರಿನಲ್ಲಿ ನಕಲಿ ಸಿಮ್ ಪಡೆದು ಖಾತೆ ಬರಿದು ಮಾಡದಿರಲಿ ಎಂಬುದು ಅದರ ಉದ್ದೇಶ. ಕರೆ ಮಾಡಲು ಬರುತ್ತದೆ, ಮೆಸೇಜ್ ಹೋಗುವುದಿಲ್ಲ. ಮರುದಿನ ಅದೇ ಹೊತ್ತು ದಾಟಿದ ಮೇಲೆ ಸಾದಾ ಎಸ್ಸೆಮ್ಮೆಸ್ ಪರೀಕ್ಷೆ ಮಾಡಿ ಮುಂದುವರಿಯಬೇಕು.

ನೆರವಿನ ಹೆಸರಿನ ಮೋಸ

‘ಮೆಸೇಜ್ ಹೋಗುತ್ತಿಲ್ಲವಾ? ನಾವು ಒಂದು ಮೆಸೇಜ್ ಕಳಿಸುತ್ತೇವೆ, ಅದನ್ನು ಈ ನಂಬರಿಗೆ ಫಾರ್ವರ್ಡ್ ಮಾಡಿ’ ಎಂದು ಯಾರಾದರೂ ಹೇಳಿದರೆ ಫೋನ್ ಇಟ್ಟುಬಿಡಿ. ಆ ಅರ್ಥವಿಲ್ಲದ ಸಾಲಿನಲ್ಲಿರುವುದು ಅವರ ಫೋನಿನ ಗುರುತು. ನಿಮ್ಮ ಸಿಮ್‌ನಿಂದ ಅದು ಹೋದರೆ ನಿಮ್ಮ ನಂಬರ್ ಅವರ ಫೋನಿಗೆ ಕಟ್ಟಿಕೊಳ್ಳುತ್ತದೆ. ನಿಜವಾದ ಆ್ಯಪ್ ತಾನೇ ತಯಾರಿಸಿದ ಮೆಸೇಜನ್ನು ನಿಮ್ಮ ಫೋನಿನಿಂದಲೇ ಕಳಿಸುತ್ತದೆ. ಬೇರೆಯವರು ಕೊಟ್ಟ ಸಾಲನ್ನು ಕಳಿಸುವ ಅಗತ್ಯ ಯಾವ ಹಂತದಲ್ಲೂ ಇಲ್ಲ. ‘ನೆರವಿಗೆ’ ಎಂದು ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಲು ಹೇಳುವುದೂ ಇದೇ ಜಾತಿಯದ್ದು.

ಬ್ಯಾಂಕ್ ನಂಬರ್ ಕೈತಪ್ಪದಿರಲಿ

ಕೆಲವು ಮನೆಗಳಲ್ಲಿ ಅಮ್ಮನ ಖಾತೆಗೆ ಮಗನ ನಂಬರ್ ಇರುತ್ತದೆ. ಅಮ್ಮನ ಫೋನಿನಲ್ಲಿ ಎಷ್ಟು ಸಿಮ್ ಬದಲಿಸಿದರೂ ಆ ಖಾತೆ ಕಾಣುವುದಿಲ್ಲ. ಇದಕ್ಕೆ ಫೋನಿನಲ್ಲಿ ಪರಿಹಾರವಿಲ್ಲ. ಪಾಸ್‌ಬುಕ್, ಗುರುತಿನ ಚೀಟಿ ಹಿಡಿದು ಶಾಖೆಗೆ ಹೋಗಿ, ಮೊಬೈಲ್ ನಂಬರ್ ಬದಲಾವಣೆಯ ಅರ್ಜಿ ಕೊಡಬೇಕು. ಬದಲಾದ ಮೇಲೆ ಬ್ಯಾಂಕಿನಿಂದ ಹೊಸ ನಂಬರಿಗೆ ಮೆಸೇಜ್ ಬರುವವರೆಗೆ ಕಾದು ಆಮೇಲೆ ನೋಂದಣಿ ಮಾಡಬೇಕು.

ಬ್ಯಾಂಕ್ ಸಿಮ್‌ಗೆ ರೀಚಾರ್ಜ್ ಮಾಡದೆ ಬಿಟ್ಟರೆ ಇನ್ನೊಂದು ಅಪಾಯವಿದೆ. ಟ್ರಾಯ್ ನಿಯಮದಂತೆ ಪ್ರಿಪೇಯ್ಡ್ ನಂಬರನ್ನು 90 ದಿನ ಯಾವುದಕ್ಕೂ ಬಳಸದಿದ್ದರೆ ಕಂಪನಿ ಅದನ್ನು ರದ್ದು ಮಾಡಬಹುದು. ಸಿಮ್‌ನ ಬ್ಯಾಲೆನ್ಸ್‌ನಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿದು 30 ದಿನ ಮುಂದೂಡುತ್ತಾರೆ. ರದ್ದಾದ ನಂಬರ್ ಮುಂದೆ ಬೇರೊಬ್ಬರ ಕೈಗೆ ಹೋಗುತ್ತದೆ. ಈ ಕಾರಣಕ್ಕೇ ಬ್ಯಾಂಕುಗಳೂ ಯುಪಿಐ ಆ್ಯಪ್‌ಗಳೂ ರದ್ದಾದ ನಂಬರುಗಳ ಪಟ್ಟಿಯನ್ನು ವಾರಕ್ಕೊಮ್ಮೆಯಾದರೂ ನೋಡಿ ತಮ್ಮ ದಾಖಲೆ ಸರಿಪಡಿಸಿಕೊಳ್ಳಬೇಕೆಂಬ ಸೂಚನೆ 2025ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ಬ್ಯಾಂಕ್ ಸಿಮ್‌ಗೆ ದೊಡ್ಡ ಇಂಟರ್ನೆಟ್ ಪ್ಯಾಕ್ ಬೇಕಾಗಿಲ್ಲ. ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್‌ಗಳನ್ನು ಕೊಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿದೆ. ಅಂಗಡಿಯಲ್ಲಿ ಕೇಳುವಾಗ ‘ಡೇಟಾ ಬೇಡ, ಎಸ್ಸೆಮ್ಮೆಸ್ ಇರುವುದು ಕೊಡಿ’ ಎಂದು ಬಿಡಿಸಿ ಹೇಳಿ. ಬರೀ ಡೇಟಾ ವೋಚರ್ ಹಾಕಿಸಿಕೊಂಡು ಬಂದರೆ ಇಂಟರ್ನೆಟ್ ಓಡುತ್ತದೆ, ವೆರಿಫಿಕೇಶನ್ ಮೆಸೇಜ್ ಮತ್ತೆ ಅಲ್ಲೇ ನಿಲ್ಲುತ್ತದೆ.